ಆದೇಶದ ಉದ್ದ ವಾಕ್ಯ: ಮೊದಲು ಷರತ್ತು ಎಲ್ಲಿ ಅಂಟಿದೆ ನೋಡಿ

ಪ್ರಶ್ನೆ: ಕರಡು ಆದೇಶದಲ್ಲಿ ಒಂದೇ ವಾಕ್ಯ ಆರೇಳು ಸಾಲು ಹೋಗುತ್ತಿದೆ. ಎಷ್ಟು ಪದ ದಾಟಿದರೆ ಒಡೆಯಬೇಕು? ಎಲ್ಲಿ ಒಡೆಯಬೇಕು?

ಪದ ಎಣಿಸೋದು ಬಿಡಿ, ಅದು ಅಳತೆಯೇ ಅಲ್ಲ. ದಾವಣಗೆರೆಯಲ್ಲಿ ನಾನು ವಿಷಯ ನಿರ್ವಾಹಕನಾಗಿದ್ದಾಗ ಇಂಥದೇ ವಾಕ್ಯವನ್ನು ಯಾರೋ ಒಡೆದರು, ನೋಟಿಸ್ ಬಂದದ್ದು ನನಗೆ. ಜಗಳೂರು ಕಡೆಯ ಶಾಲೆಯ ಕಡತ ಅದು. ಆದೇಶ ಹೆಚ್ಚುಕಡಿಮೆ ಹೀಗಿತ್ತು:

"ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ, ಕೊಠಡಿಗಳ ದುರಸ್ತಿ ಹಾಗೂ ಕಾಂಪೌಂಡ್ ನಿರ್ಮಾಣ ಕಾಮಗಾರಿಗಳಿಗೆ, ತಾಂತ್ರಿಕ ಮಂಜೂರಾತಿ ಪಡೆಯುವ ಷರತ್ತಿಗೊಳಪಟ್ಟು, ಆಡಳಿತಾತ್ಮಕ ಅನುಮೋದನೆ ನೀಡಿ ಆದೇಶಿಸಿದೆ."

ಮೇಲಿನ ಕಚೇರಿಯಿಂದ ಬಂದ ಪತ್ರದಲ್ಲಿ ಇದು ಎರಡಾಗಿತ್ತು: "ಕೊಠಡಿಗಳ ದುರಸ್ತಿಗೆ ಅನುಮೋದನೆ ನೀಡಲಾಗಿದೆ. ಕಾಂಪೌಂಡ್ ನಿರ್ಮಾಣಕ್ಕೆ ತಾಂತ್ರಿಕ ಮಂಜೂರಾತಿ ಪಡೆಯುವ ಷರತ್ತಿಗೊಳಪಟ್ಟು ಅನುಮೋದನೆ ನೀಡಲಾಗಿದೆ."

ಓದಲು ಸಲೀಸು, ಅಲ್ವಾ? ಆದರೆ ಮೂಲದಲ್ಲಿ ಷರತ್ತು ಅಂಟಿಕೊಂಡಿರುವುದು ಕಾಂಪೌಂಡಿಗಲ್ಲ, ಕೊನೆಯ "ಅನುಮೋದನೆ ನೀಡಿ"ಗೆ. ಆ ಅನುಮೋದನೆ ಎರಡೂ ಕೆಲಸಕ್ಕೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಿಂದಿನದೆಲ್ಲ ಅದಕ್ಕೇ ನೇತಾಡುತ್ತಿರುತ್ತದೆ. ನಡುವೆ ಕತ್ತರಿಸಿದರೆ ಮೊದಲ ತುಂಡಿಗೆ ಹೊಸ ಕ್ರಿಯಾಪದ ನಾವೇ ಬರೆಯುತ್ತೇವೆ. ಷರತ್ತು ಮಾತ್ರ ಎರಡನೇ ತುಂಡಿನಲ್ಲೇ ಉಳಿದುಬಿಡುತ್ತದೆ. ಇಲ್ಲಿ ಆದದ್ದೂ ಅದೇ. ದುರಸ್ತಿಗೆ ತಾಂತ್ರಿಕ ಮಂಜೂರಾತಿ ಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ, ಕೆಲಸ ಶುರುವಾಯಿತು. ಬಿಲ್ ಹೋದಾಗ ಮಂಜೂರಾತಿ ಪ್ರತಿ ಎಲ್ಲಿ ಅಂತ ಆಕ್ಷೇಪಣೆ ಬಂತು. ಗುತ್ತಿಗೆದಾರರ ಹಣ ನಿಂತಿತು. ಕಡತ ನನ್ನ ಮೇಜಿನದು, ಹಾಗಾಗಿ ಉತ್ತರ ಕೊಡಬೇಕಾದವನೂ ನಾನೇ.

ಅದಕ್ಕೇ ಹೇಳುತ್ತೇನೆ, ಒಡೆಯುವ ಮುಂಚೆ ಕರಡಿನ ಅಂಚಿನಲ್ಲಿ ಬರೆದುಕೊಳ್ಳಿ: ತೀರ್ಮಾನ ಏನು, ಯಾವ್ಯಾವುದಕ್ಕೆ, ಯಾವ ಷರತ್ತಿನ ಮೇಲೆ. ಒಂದೇ ಷರತ್ತು ಎರಡು ಕೆಲಸಕ್ಕಿದ್ದರೆ ಆ ಎರಡರ ನಡುವೆ ಪೂರ್ಣವಿರಾಮ ಬೇಡ. ತೀರ್ಮಾನವೇ ಎರಡಿದ್ದರೆ, ಅಂದರೆ ಅನುಮೋದನೆ ಒಂದು, ಕೆಲಸ ಯಾರು ಮಾಡಬೇಕು ಅನ್ನೋದು ಇನ್ನೊಂದು, ಆಗ ವಾಕ್ಯ ಚಿಕ್ಕದಿದ್ದರೂ ಒಡೆಯಿರಿ. ಹಿನ್ನೆಲೆಯ ಸಂಗತಿಗಳನ್ನು ಆದೇಶ ಭಾಗದಲ್ಲಿ ಮತ್ತೆ ತುಂಬಬೇಡಿ, ಅವು ಪ್ರಸ್ತಾವನೆಯಲ್ಲಿ ಇದ್ದೇ ಇರುತ್ತವೆ. ಜಾಸ್ತಿ ಉದ್ದ ಬರೋದು ಅಲ್ಲಿಂದಲೇ.

ನಾನಾದರೆ ಹೀಗೆ ಬರೆಯುತ್ತಿದ್ದೆ: "ಕೊಠಡಿಗಳ ದುರಸ್ತಿ ಹಾಗೂ ಕಾಂಪೌಂಡ್ ನಿರ್ಮಾಣಕ್ಕೆ ಕೆಳಗಿನ ಷರತ್ತಿಗೊಳಪಟ್ಟು ಆಡಳಿತಾತ್ಮಕ ಅನುಮೋದನೆ ನೀಡಿ ಆದೇಶಿಸಿದೆ. ಷರತ್ತು: ಎರಡೂ ಕಾಮಗಾರಿಗಳಿಗೆ, ಆರಂಭಿಸುವ ಮುನ್ನ, ತಾಂತ್ರಿಕ ಮಂಜೂರಾತಿ ಪಡೆಯತಕ್ಕದ್ದು."

ಮೊದಲ ವಾಕ್ಯದಿಂದ "ಷರತ್ತಿಗೊಳಪಟ್ಟು" ತೆಗೆಯಬೇಡಿ. ತೆಗೆದರೆ ಅನುಮೋದನೆ ಷರತ್ತಿಲ್ಲದೇ ಸಿಕ್ಕಿತು ಅಂತ ವಾದಿಸಲು ಜಾಗ ಸಿಗುತ್ತದೆ. ಇದೆಲ್ಲ ಕರಡಿಗೆ ಮಾತ್ರ. ಸಹಿಯಾಗಿ ಹೊರಟ ಆದೇಶವನ್ನು ಕೆಳಗಿನವರಿಗೆ ಕಳಿಸುವಾಗ ಸುಮ್ನೆ ಪ್ರತಿ ಲಗತ್ತಿಸಿ, ನಿಮ್ಮ ಮಾತಿನಲ್ಲಿ ಬಿಡಿಸಿ ಬರೆಯಬೇಡಿ. ಅರ್ಥ ಗೊಂದಲವಿದ್ದರೆ ಹೊರಡಿಸಿದವರಿಗೇ ಪತ್ರ ಬರೆದು ಸ್ಪಷ್ಟೀಕರಣ ಕೇಳಿ.