ಸ್ಲೈಡ್‌ಗೆ ಮುಂಚೆ ಒಂದೇ ವಾಕ್ಯ

"ಪಾಸ್‌ವರ್ಡ್ ಸುರಕ್ಷತೆ ಬಗ್ಗೆ ಆಫೀಸಲ್ಲಿ 10 ನಿಮಿಷ ಮಾತಾಡ್ಬೇಕು, ಏಳು ಪಾಯಿಂಟ್ ಇದೆ, ಯಾವ್ದನ್ನ ಮುಖ್ಯ ಮಾಡ್ಲಿ?"

ಏಳರಲ್ಲಿ ಒಂದನ್ನ ಆರಿಸೋಕೆ ಹೋಗ್ಬೇಡಿ, ಮೊದ್ಲು ಮಾತು ಮುಗಿದ್ಮೇಲೆ ಕೇಳ್ದೋರು ಏನು ಮಾಡ್ಬೇಕು ಅಂತ ಒಂದು ಪೂರ್ತಿ ವಾಕ್ಯ ಪೇಪರ್ ಮೇಲೆ ಬರೀರಿ. "ಪಾಸ್‌ವರ್ಡ್ ಸುರಕ್ಷತೆ" ಅನ್ನೋದು ಬರೀ ವಿಷಯ, ಸಂದೇಶ ಅಲ್ಲ. "ಒಂದೇ ಪಾಸ್‌ವರ್ಡನ್ನ ಎರಡು ಕಡೆ ಹಾಕ್ಬೇಡಿ, ಯಾಕಂದ್ರೆ ಒಂದು ಸೈಟ್ ಲೀಕ್ ಆದ್ರೆ ಕಳ್ಳರು ಅದನ್ನೇ ನಿಮ್ಮ ಇಮೇಲ್‌ಗೂ ಹಾಕಿ ನೋಡ್ತಾರೆ", ಇದು ಸಂದೇಶ. ಕೆಲ್ಸಾನೂ ಇದೆ, ಕಾರಣಾನೂ ಇದೆ. ವಾಕ್ಯದಲ್ಲಿ ಎರಡು ಕೆಲ್ಸ ಸೇರ್ಕೊಂಡ್ರೆ ಅದು ಎರಡು ಭಾಷಣ ಅಂತ ತಿಳ್ಕೊಳಿ, ಒಂದನ್ನ ತೆಗೀರಿ.

ಈಗ ಏಳೂ ಪಾಯಿಂಟನ್ನ ಇದರ ಪಕ್ಕ ಇಟ್ಟು ನೋಡಿ. ಲೀಕ್ ಹೇಗಾಗುತ್ತೆ ಅನ್ನೋದು ಕಾರಣಕ್ಕೆ ಬೇಕು, ಇರ್ಲಿ. ಪಾಸ್‌ವರ್ಡ್ ಮ್ಯಾನೇಜರ್ ಇಲ್ದೆ ಅಷ್ಟೊಂದು ಪಾಸ್‌ವರ್ಡ್ ನೆನಪಿಡೋಕಾಗಲ್ಲ, ಅದೂ ಇರ್ಲಿ. ಫಿಶಿಂಗ್, ವೈಫೈ, ಎನ್‌ಕ್ರಿಪ್ಷನ್ ಎಲ್ಲಾ ಒಳ್ಳೇವೇ, ಆದ್ರೆ ಈ ವಾಕ್ಯಕ್ಕೆ ಬೇಕಿಲ್ಲ, ಬಿಡೋಕೆ ಹೊಟ್ಟೆ ಉರಿಯುತ್ತೆ ನಿಜ, ಆದ್ರೂ ಬಿಡ್ಲೇಬೇಕು. ನಿಧಾನಕ್ಕೆ ಮಾತಾಡಿದ್ರೆ 10 ನಿಮಿಷಕ್ಕೆ ಸುಮಾರು ಸಾವಿರ ಪದ ಅಷ್ಟೇ, ಏಳಕ್ಕೂ ಹಂಚಿದ್ರೆ ಯಾವ್ದೂ ತಲೇಲಿ ಉಳಿಯಲ್ಲ.

ಆಮೇಲೆ ಈ ವಿಷಯ ಗೊತ್ತಿಲ್ದಿರೋ ಒಬ್ರಿಗೆ ಆ ವಾಕ್ಯ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಏನು ಹೇಳ್ದೆ ಅಂತ ಕೇಳಿ. "ಏನೋ ಸ್ಟ್ರಾಂಗ್ ಪಾಸ್‌ವರ್ಡ್ ಅಂದ್ರಲ್ಲ" ಅಂದ್ರೆ ವಾಕ್ಯ ಇನ್ನೂ ಸರಿಯಾಗಿಲ್ಲ, ಮತ್ತೆ ಬರೀರಿ, ಲ್ಯಾಪ್‌ಟಾಪ್ ಇನ್ನೂ ಮುಟ್ಬೇಡಿ.