ಲಾಂಚ್ ಕ್ಲಾಕ್‌ಗೆ 1.05, ಕ್ಯಾಪ್ಚರ್ ಕ್ಲಾಕ್‌ಗೆ 0.95: ಡಿರೇಟ್ ಬೇರೆ ಬೇರೆ ಯಾಕೆ?

ಪ್ರಶ್ನೆ: ನಾನು ಎಸ್‌ಟಿಎ, ಅಂದರೆ ಸ್ಟ್ಯಾಟಿಕ್ ಟೈಮಿಂಗ್ ಅನಾಲಿಸಿಸ್, ಈಗಷ್ಟೇ ಕಲಿಯುತ್ತಿದ್ದೇನೆ. ಸೆಟಪ್ ರಿಪೋರ್ಟ್‌ನಲ್ಲಿ ಲಾಂಚ್ ಕ್ಲಾಕ್‌ಗೆ 1.05, ಕ್ಯಾಪ್ಚರ್ ಕ್ಲಾಕ್‌ಗೆ 0.95 ಡಿರೇಟ್ ಇದೆ. ಎರಡೂ ಒಂದೇ ಚಿಪ್, ಒಂದೇ ಕಾರ್ನರ್, ಬಫರ್‌ಗಳೂ ಒಂದೇ ಥರದವು. ಹಾಗಿದ್ದ ಮೇಲೆ ಈ ಭೇದ ಯಾಕೆ?

ಉತ್ತರ:

ಅದೇ ಎರಡು ಫ್ಲಾಪ್‌ಗಳ ನಡುವಿನ ಹೋಲ್ಡ್ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಅಲ್ಲಿ ಲಾಂಚ್‌ಗೆ 0.95, ಕ್ಯಾಪ್ಚರ್‌ಗೆ 1.05 ಕಾಣುತ್ತದೆ. ಅಂದರೆ ಲಾಂಚ್ ಪಾತ್ ನಿಧಾನ ಅಂತ ಟೂಲ್ ಎಲ್ಲೂ ಹೇಳುತ್ತಿಲ್ಲ. ಯಾವ ಬಫರ್ ನಿಧಾನ, ಯಾವುದು ವೇಗ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಗೊತ್ತಿಲ್ಲದ ಕಾರಣ, ಈ ಚೆಕ್ ಕೆಡಬೇಕಾದರೆ ಯಾರು ತಡವಾಗಬೇಕು, ಯಾರು ಬೇಗ ಬರಬೇಕು ಅಂತ ನೋಡಿ ಹಾಗೇ ಲೆಕ್ಕ ಹಾಕುತ್ತದೆ.

ಸೆಟಪ್ ಕೆಡುವುದು ಡೇಟಾ ತಡವಾಗಿ ಬಂದು, ಕ್ಯಾಪ್ಚರ್ ಎಡ್ಜ್ ಬೇಗ ಬಂದಾಗ. ಡೇಟಾ ಹೊರಡುವುದೇ ಲಾಂಚ್ ಕ್ಲಾಕ್ ಬಂದ ಮೇಲೆ. ಹಾಗಾಗಿ ಲಾಂಚ್ ಕ್ಲಾಕ್, ಡೇಟಾ ಎರಡಕ್ಕೂ ಲೇಟ್ ಡಿರೇಟ್, ಕ್ಯಾಪ್ಚರ್‌ಗೆ ಅರ್ಲಿ ಡಿರೇಟ್. ಹೋಲ್ಡ್ ಇದಕ್ಕೆ ಪೂರ್ತಿ ಉಲ್ಟಾ.

"ಕಾರ್ನರ್ ಒಂದೇ ಅಲ್ವಾ" ಅಂತ ನೀವು ಕೇಳಿದ್ದು ಸರಿಯಾದ ಜಾಗ. ಕಾರ್ನರ್ ಇಡೀ ಚಿಪ್ ಬಗ್ಗೆ ಮಾತಾಡುತ್ತದೆ. ಈ ಡೈ ಒಟ್ಟಾರೆ ನಿಧಾನ, ಇನ್ನೊಂದು ಡೈ ಒಟ್ಟಾರೆ ವೇಗ, ಅಷ್ಟೇ. ಆದರೆ ಒಂದೇ ಡೈ ಒಳಗೆ ಅಕ್ಕಪಕ್ಕ ಕೂತ ಎರಡು ಬಫರ್‌ಗಳೂ ಒಂದೇ ಥರ ಇರಲ್ಲ. ಟ್ರಾನ್ಸಿಸ್ಟರ್‌ನ ಥ್ರೆಶೋಲ್ಡ್ ವೋಲ್ಟೇಜ್ ಚೂರು ಆಚೀಚೆ ಆಗಿರುತ್ತದೆ. ಗೇಟ್ ಉದ್ದ, ಮೆಟಲ್ ದಪ್ಪ ಕೂಡ ಹಾಗೇ. ಸ್ವಿಚಿಂಗ್ ಜಾಸ್ತಿ ಇರುವ ಮೂಲೆಯಲ್ಲಿ ಸಪ್ಲೈ ಸ್ವಲ್ಪ ಕುಸಿದಿರುತ್ತದೆ. ಕಾರ್ನರ್ ಹಿಡಿಯದೆ ಬಿಟ್ಟ ಈ ವ್ಯತ್ಯಾಸವೇ ಓಸಿವಿ, ಅಂದರೆ ಆನ್-ಚಿಪ್ ವೇರಿಯೇಶನ್; ಅದಕ್ಕೇ ಡಿರೇಟ್ ಇರುವುದು.

ಒಂದು ಲೆಕ್ಕ ಮಾಡೋಣ. ಕ್ಲಾಕ್ ಪೀರಿಯಡ್ 1000 ಪಿಕೋಸೆಕೆಂಡ್. ಕ್ಲಾಕ್ ಟ್ರೀಯಲ್ಲಿ ಇಬ್ಬರಿಗೂ ಸೇರಿದ ಕಾಂಡ 400, ಆಮೇಲೆ ಲಾಂಚ್ ಕೊಂಬೆ 200, ಕ್ಯಾಪ್ಚರ್ ಕೊಂಬೆ 200. ಕ್ಲಾಕ್-ಟು-ಕ್ಯೂ ಸೇರಿ ಡೇಟಾ ಪಾತ್ 860. ಸೆಟಪ್ ಟೈಮ್ 50.

ಡಿರೇಟ್ ಇಲ್ಲದೆ ನೋಡಿದರೆ ಡೇಟಾ 1460ಕ್ಕೆ ಬರುತ್ತದೆ, 1550ರ ಒಳಗೆ ಬಂದರೆ ಸಾಕು. ಸ್ಲ್ಯಾಕ್ 90.

ಈಗ ಡಿರೇಟ್ ಹಾಕಿ. ಲಾಂಚ್ ಕ್ಲಾಕ್ 630, ಡೇಟಾ 903, ಒಟ್ಟು 1533. ಕ್ಯಾಪ್ಚರ್ ಕ್ಲಾಕ್ 570. ಅದಕ್ಕೆ 1000 ಕೂಡಿಸಿ 50 ಕಳೆದರೆ 1520. ಸ್ಲ್ಯಾಕ್ ಮೈನಸ್ 13. ವಯಲೇಶನ್.

ಆದರೆ ಇಲ್ಲೊಂದು ತಪ್ಪು ನುಸುಳಿದೆ. ಕಾಂಡದ 400 ಪಿಕೋಸೆಕೆಂಡನ್ನು ಲಾಂಚ್ ಕಡೆ 420 ಅಂದೆವು, ಕ್ಯಾಪ್ಚರ್ ಕಡೆ 380 ಅಂದೆವು. ಅವು ಅದೇ ಬಫರ್‌ಗಳು! ಒಂದೇ ಬಸ್ಸಿನಲ್ಲಿ ಬಂದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬಸ್ಸು ತಡವಾಗಲು ಸಾಧ್ಯವಿಲ್ಲ. ಇಳಿದ ಮೇಲೆ ಒಬ್ಬರು ಬೇಗ, ಒಬ್ಬರು ನಿಧಾನ ನಡೆಯಬಹುದು, ಅದು ಬೇರೆ ಮಾತು. ಆದ್ದರಿಂದ ಆ 40ನ್ನು ಟೂಲ್ ವಾಪಸ್ ಕೊಡುತ್ತದೆ. ಇದೇ ಕ್ಲಾಕ್ ರೀಕನ್ವರ್ಜೆನ್ಸ್ ಪೆಸಿಮಿಸಂ ರಿಮೂವಲ್, ಚಿಕ್ಕದಾಗಿ ಸಿಆರ್‌ಪಿಆರ್, ಕೆಲವು ಟೂಲ್‌ಗಳಲ್ಲಿ ಸಿಪಿಪಿಆರ್. ಸ್ಲ್ಯಾಕ್ ಈಗ ಪ್ಲಸ್ 27. ಇದನ್ನು ಮಾಡದಿದ್ದರೆ ಇಲ್ಲದ ವಯಲೇಶನ್ ಸರಿಮಾಡಲು ಹೋಗಿ ಸುಮ್ನೆ ದೊಡ್ಡ ಸೆಲ್‌ಗಳನ್ನು ಹಾಕುತ್ತಿದ್ದೆವು.

ಪ್ರೈಮ್‌ಟೈಮ್‌ನಲ್ಲಿ ಇಷ್ಟು ಸಾಕು:

```
set_timing_derate -early 0.95
set_timing_derate -late  1.05
set_app_var timing_remove_clock_reconvergence_pessimism true
report_timing -path_type full_clock_expanded -derate
```

ರಿಪೋರ್ಟ್‌ನಲ್ಲಿ `clock reconvergence pessimism` ಅನ್ನುವ ಸಾಲು ಹುಡುಕಿ. ಮೇಲಿನ ಉದಾಹರಣೆಯಲ್ಲಿ ಅಲ್ಲಿ 40 ಪಿಕೋಸೆಕೆಂಡ್ ಇರಬೇಕು. ಕಾಂಡ ಉದ್ದ ಇದ್ದೂ ಅಲ್ಲಿ ಸೊನ್ನೆ ಇದ್ದರೆ ಟೂಲ್‌ನ ಸೆಟ್ಟಿಂಗ್‌ನಲ್ಲೇ ಏನೋ ತಪ್ಪಿದೆ.

ಬಸ್ಸಿನ ಮಾತಿಗೆ ಒಂದು ತಿದ್ದುಪಡಿ ಬೇಕು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೋಲ್ಡ್‌ನಲ್ಲಿ ಲಾಂಚ್, ಕ್ಯಾಪ್ಚರ್ ಎರಡೂ ಸಾಮಾನ್ಯವಾಗಿ ಅದೇ ಎಡ್ಜ್. ಒಂದೇ ಬಸ್ಸು, ಒಂದೇ ಟ್ರಿಪ್. ಸೆಟಪ್‌ನಲ್ಲಿ ಕ್ಯಾಪ್ಚರ್ ಎಡ್ಜ್ ಒಂದು ಸೈಕಲ್ ಆಮೇಲೆ ಬರುತ್ತದೆ. ಅಂದರೆ ಅದೇ ಬಸ್ಸಿನ ಮುಂದಿನ ಟ್ರಿಪ್. ಟ್ರಾನ್ಸಿಸ್ಟರ್‌ನ ಥ್ರೆಶೋಲ್ಡ್ ಒಂದು ಸೈಕಲ್‌ನಲ್ಲಿ ಬದಲಾಗಲ್ಲ, ಹಾಗಾಗಿ ಆ ಪಾಲನ್ನು ವಾಪಸ್ ಪಡೆಯುವುದು ನ್ಯಾಯ. ಆದರೆ ಪಕ್ಕದ ತಂತಿಯ ಕ್ರಾಸ್‌ಟಾಕ್ ಮೊದಲ ಎಡ್ಜ್‌ಗೆ ಹೊಡೆದು, ಎರಡನೆಯದಕ್ಕೆ ಹೊಡೆಯದೆ ಇರಬಹುದು. ಅದಕ್ಕೇ ಕಾಂಡದ ಮೇಲಿನ ಕ್ರಾಸ್‌ಟಾಕ್ ಡೆಲ್ಟಾವನ್ನು ಹೋಲ್ಡ್‌ನಲ್ಲಿ ವಾಪಸ್ ಕೊಡಬಹುದು, ಸೆಟಪ್‌ನಲ್ಲಿ ಕೊಡಬಾರದು.

ಸಿಆರ್‌ಪಿಆರ್ ಕೊಡುವುದು ಕಾಂಡದ ಉದ್ದಕ್ಕೆ ತಕ್ಕಷ್ಟೇ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಬ್ಲಾಕ್ ಕ್ಲೋಸ್ ಮಾಡುವಾಗ. ಹತ್ತಿರ ಹತ್ತಿರವೇ ಕೂತ ಫ್ಲಾಪ್‌ಗಳ ನಡುವೆ ಹೋಲ್ಡ್ ವಯಲೇಶನ್‌ಗಳ ಗುಂಪೇ ಇತ್ತು. ನಾವು ಹೋಲ್ಡ್ ಬಫರ್ ತುಂಬುತ್ತಾ ಹೋದೆವು. ಅದರಿಂದ ಸ್ಲೋ ಕಾರ್ನರ್‌ನಲ್ಲಿ ಸೆಟಪ್ ಕೆಟ್ಟಿತು. ಕೊನೆಗೆ ಕ್ಲಾಕ್ ಪಾತ್ ಪೂರ್ತಿ ಬಿಡಿಸಿ ನೋಡಿದರೆ, ಎರಡು ಫ್ಲಾಪ್‌ಗಳೂ ಬೇರೆ ಬೇರೆ ಕ್ಲಾಕ್ ಗೇಟ್‌ಗಳ ಕೆಳಗೆ ಇದ್ದವು. ಟ್ರೀ ಹೆಚ್ಚುಕಡಿಮೆ ಬುಡದಲ್ಲೇ ಒಡೆದಿತ್ತು. ಸುಮಾರು 500 ಪಿಕೋಸೆಕೆಂಡ್‌ನ ಕ್ಲಾಕ್ ಪಾತ್‌ನಲ್ಲಿ ಕಾಂಡ 90 ಮಾತ್ರ. ಉಳಿದ 410ರ ಮೇಲೆ ಎರಡೂ ಕಡೆ ಶೇಕಡಾ 5 ಅಂದರೆ 41 ಪಿಕೋಸೆಕೆಂಡ್ ಅಂತರ. ಸ್ಕ್ಯೂ ಸೊನ್ನೆ ಇದ್ದರೂ ಅದು ಹೋಗಲ್ಲ. ಎನೇಬಲ್ ಒಂದೇ ಆಗಿದ್ದ ಗೇಟ್‌ಗಳನ್ನು ಸೇರಿಸಿ, ಟ್ರೀ ತಡವಾಗಿ ಒಡೆಯುವಂತೆ ಮಾಡಿದೆವು. ಕಾಂಡ 420 ಆಯಿತು, ಅಂತರ 8ಕ್ಕೆ ಇಳಿಯಿತು. ಮುಕ್ಕಾಲು ಪಾಲು ಬಫರ್ ಬೇಡವಾದವು. ಹೋಲ್ಡ್ ಕೆಟ್ಟ ಚಿಪ್‌ನ ಕ್ಲಾಕ್ ಎಷ್ಟು ನಿಧಾನ ಮಾಡಿದರೂ ಅದು ಸರಿಹೋಗಲ್ಲ, ಹಾಗಾಗಿ ಈ 41ನ್ನು ಕಣ್ಣುಮುಚ್ಚಿ ಮನ್ನಾ ಮಾಡುವಂತೆಯೂ ಇರಲಿಲ್ಲ.

1.05, 0.95 ಅನ್ನುವ ಜೋಡಿ ಎಲ್ಲ ಕಡೆ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಸ್ಲೋ ಕಾರ್ನರ್‌ನ ಲೈಬ್ರರಿ ಆಗಲೇ ಅತಿ ನಿಧಾನದ ಅಂಚಿನಲ್ಲಿದ್ದರೆ, ಅದಕ್ಕೂ ನಿಧಾನ ಅಂತ 1.05 ಹಾಕುವುದು ಎರಡು ಸಲ ದಂಡ ಕಟ್ಟಿದ ಹಾಗೆ. ಅಂಥ ಕಡೆ ಲೇಟ್ 1.0 ಇಟ್ಟು, ಅರ್ಲಿ ಕಡೆ ಮಾತ್ರ ಇಳಿಸುತ್ತಾರೆ. ನಿಮ್ಮ ಫೌಂಡ್ರಿ ಏನು ಹೇಳಿದೆಯೋ ಅದೇ ಸರಿ.

ಇನ್ನೂ ಒಂದು ಮಾತು. ಪಾತ್‌ನ ಎಲ್ಲ ಸೆಲ್‌ಗೂ ಒಂದೇ ಶೇಕಡಾ ಹಾಕುವ ಈ ಪದ್ಧತಿ ಉದ್ದದ ಪಾತ್‌ಗೆ ತುಂಬ ಕಟು. ಹತ್ತು ಬಫರ್‌ಗಳೂ ಒಟ್ಟಿಗೇ ನಿಧಾನ ಆಗುವುದು ಅಪರೂಪ. ಒಂದು ನಿಧಾನ, ಒಂದು ವೇಗ ಅಂತ ಸ್ವಲ್ಪ ಸರಿದೂಗುತ್ತದೆ. ಒಂದು ಬಫರ್‌ನಲ್ಲಿ ಬಿಡಿಬಿಡಿಯಾದ ಏರಿಳಿತ ಶೇಕಡಾ 6 ಇದ್ದರೆ, ಅಂಥ ಹತ್ತು ಸೇರಿದಾಗ ಅದು ಹತ್ತರ ವರ್ಗಮೂಲದಷ್ಟು ತಗ್ಗಿ ಸುಮಾರು ಶೇಕಡಾ 2 ಆಗುತ್ತದೆ. ಎಷ್ಟು ಸೆಲ್ ದಾಟಿತು ಅಂತ ಎಣಿಸಿ ಡಿರೇಟ್ ಕೊಡುವುದು ಎಓಸಿವಿ. ಪ್ರತಿ ಸೆಲ್‌ಗೂ ಅದರದೇ ಸಿಗ್ಮಾ ಇಟ್ಟು ಕೂಡಿಸುವುದು ಪಿಓಸಿವಿ. ಸಂಖ್ಯೆಗಳು ಬದಲಾಗುತ್ತವೆ. ಸೆಟಪ್‌ನಲ್ಲಿ ಲಾಂಚ್ ಲೇಟ್, ಕ್ಯಾಪ್ಚರ್ ಅರ್ಲಿ ಅನ್ನುವುದು ಅಲ್ಲೂ ಬದಲಾಗಲ್ಲ.