ತಪ್ಪಿದ್ದು ಗುಣಾಕಾರವಲ್ಲ, ಗುಣಕ: ದಿನದ ಕ್ಯಾಲೊರಿ ಲೆಕ್ಕದ ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಗುರುತು ತಿಳಿಯದಂತೆ ವೈಯಕ್ತಿಕ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ. ಮೂವತ್ತರ ಹರೆಯದ, ಕುಳಿತು ಮಾಡುವ ಕೆಲಸದಲ್ಲಿರುವ ಇವರು ತೂಕ ಇಳಿಸಬೇಕೆಂದು ತಾವು ತಿಂದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಿನದ ಮೊತ್ತ ಹೆಚ್ಚುಕಡಿಮೆ 1350 ಕ್ಯಾಲೊರಿಯ ಆಸುಪಾಸಿನಲ್ಲಿಯೇ ಇರುತ್ತಿತ್ತು, ಆದರೂ ವಾರಗಟ್ಟಲೆ ತೂಕ ಕದಲಿರಲಿಲ್ಲ. ತಮ್ಮ ದೇಹದಲ್ಲಿಯೇ ಏನೋ ದೋಷವಿದೆಯೆಂದು ಅವರು ನಂಬಿಬಿಟ್ಟಿದ್ದರು. ನನ್ನ ಬಳಿ ಬರುವ ಹೊತ್ತಿಗೆ ರಾತ್ರಿಯ ಊಟವನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದರು.

ಲೆಕ್ಕಕ್ಕೆ ಕೈ ಹಾಕುವ ಮೊದಲು ನಾನು ಕೇಳಿದ್ದು ಬೇರೆಯೇ ಪ್ರಶ್ನೆಗಳನ್ನು. ಹಿಂದೆ ಎಂದಾದರೂ ಊಟವನ್ನು ದಂಡನೆಯಂತೆ ಬಿಟ್ಟದ್ದುಂಟೇ, ತಿಂದ ಮೇಲೆ ವಾಂತಿ ಮಾಡಿಕೊಂಡದ್ದುಂಟೇ, ಸಂಖ್ಯೆ ಬರೆಯದೆ ಒಂದು ದಿನ ಕಳೆದರೆ ಮನಸ್ಸಿಗೆ ಏನಾಗುತ್ತದೆ ಎಂದು ವಿಚಾರಿಸಿದೆ. ಅಂಥ ಇತಿಹಾಸ ಇರುವವರ ಕೈಗೆ ತೂಕದ ಯಂತ್ರವನ್ನೂ ಲೆಕ್ಕದ ಹಾಳೆಯನ್ನೂ ಕೊಡುವುದು ಅಪಾಯ; ಅವರಿಗೆ ಬೇಕಾಗುವ ನೆರವೇ ಬೇರೆ. ಇವರಲ್ಲಿ ಅಂಥದ್ದೇನೂ ಕಾಣಲಿಲ್ಲವಾದ್ದರಿಂದ ಮುಂದಿನ ಭೇಟಿಗೆ ಒಂದು ಕೆಲಸ ಹೇಳಿದೆ. ಯಾವುದಾದರೂ ಒಂದು ಸಾಮಾನ್ಯ ದಿನ ಎಂದಿನಂತೆಯೇ ಬಡಿಸಿಕೊಳ್ಳಬೇಕು, ಬಾಯಿಗೆ ಇಡುವ ಮೊದಲು ತೂಗಿ ಗ್ರಾಂಗಳನ್ನು ಬರೆಯಬೇಕು, ಪೊಟ್ಟಣಗಳ ಲೇಬಲ್‌ಗಳ ಚಿತ್ರ ತೆಗೆದು ತರಬೇಕು. ತಿನ್ನುವುದನ್ನು ಆ ದಿನಕ್ಕಾಗಿ ಕಡಿಮೆ ಮಾಡಬಾರದೆಂದು ಒತ್ತಿ ಹೇಳಿದೆ.

ಅವರ ಪುಸ್ತಕದ ಅದೇ ದಿನದ ಪುಟ ಹೀಗಿತ್ತು: ಓಟ್ಸ್ 150, ಹಾಲು 150, ಬಾಳೆಹಣ್ಣು 105, ಅನ್ನ 160, ಎರಡು ಮೊಟ್ಟೆ 144, ಕಡಲೆಕಾಯಿ ಬೀಜ 160, ಮೂರು ತುಂಡು ಬ್ರೆಡ್ 480. ಒಟ್ಟು 1349. ಕೂಡುವುದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಲೇಬಲ್‌ನಿಂದ ಎತ್ತಿಕೊಂಡ ಅಂಕಿಗಳೂ ಸರಿಯಾಗಿಯೇ ಇದ್ದವು. ಇಷ್ಟು ಶಿಸ್ತಿನಿಂದ ಬರೆದವರು ಫಲಿತಾಂಶ ಕಾಣದೆ ತಮ್ಮ ದೇಹವನ್ನೇ ಸಂಶಯಿಸಿದ್ದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಈ ಲೆಕ್ಕದಲ್ಲಿ ಪ್ರತಿಯೊಂದು ಸಾಲಿಗೂ ಎರಡು ಸಂಖ್ಯೆಗಳು ಬೇಕು. ಒಂದು ಸರ್ವಿಂಗ್‌ಗೆ ಎಷ್ಟು ಕ್ಯಾಲೊರಿ ಎಂಬುದನ್ನು ಲೇಬಲ್ ಹೇಳುತ್ತದೆ. ಎಷ್ಟು ಸರ್ವಿಂಗ್ ತಿಂದಿರಿ ಎಂಬುದನ್ನು ಲೇಬಲ್ ಹೇಳಲಾರದು, ಅದನ್ನು ತಿಂದವರೇ ಕಂಡುಕೊಳ್ಳಬೇಕು. ತಿಂದ ಗ್ರಾಂಗಳನ್ನು ಲೇಬಲ್ ಹೇಳುವ ಒಂದು ಸರ್ವಿಂಗ್‌ನ ಗ್ರಾಂಗಳಿಂದ ಭಾಗಿಸಿದರೆ ಆ ಎರಡನೆಯ ಸಂಖ್ಯೆ, ಅಂದರೆ ಗುಣಕ, ಸಿಗುತ್ತದೆ. ನಮ್ಮ ಸಲಹಾರ್ಥಿ ಒಂದು ಬಟ್ಟಲು, ಒಂದು ಲೋಟ, ಒಂದು ಹಿಡಿ ಎಂದು ತೆಗೆದುಕೊಂಡದ್ದನ್ನೆಲ್ಲ ಒಂದು ಸರ್ವಿಂಗ್ ಎಂದೇ ಎಣಿಸಿದ್ದರು. ಗುಣಾಕಾರ ಮಾಡುತ್ತಿದ್ದೇನೆಂದು ಅವರಿಗೆ ಅನಿಸಿದ್ದರೂ ಹೆಚ್ಚಿನ ಸಾಲುಗಳಲ್ಲಿ ಅವರು ಒಂದರಿಂದಲೇ ಗುಣಿಸುತ್ತಿದ್ದರು.

ಓಟ್ಸ್‌ನಿಂದ ಶುರು ಮಾಡಿದೆವು. ಲೇಬಲ್‌ನಲ್ಲಿ ಒಂದು ಸರ್ವಿಂಗ್ ಎಂದರೆ 40 ಗ್ರಾಂ, 150 ಕ್ಯಾಲೊರಿ ಎಂದಿತ್ತು. ಬಟ್ಟಲಿಗೆ ಸುರಿದುಕೊಂಡದ್ದು 70 ಗ್ರಾಂ. 70ನ್ನು 40ರಿಂದ ಭಾಗಿಸಿದರೆ 1.75, ಅದನ್ನು 150ರಿಂದ ಗುಣಿಸಿದರೆ ಸುಮಾರು 263. ಹಾಲಿನ ಸರ್ವಿಂಗ್ 240 ಮಿಲಿ ಲೀಟರ್, ಕುಡಿದದ್ದು 300, ಗುಣಕ 1.25, ಕ್ಯಾಲೊರಿ ಸುಮಾರು 188. ಕಡಲೆಕಾಯಿ ಬೀಜದ ಸರ್ವಿಂಗ್ 28 ಗ್ರಾಂ, ಅವರ ಹಿಡಿಯಲ್ಲಿ ಬಂದದ್ದು 42; ಗುಣಕ ಒಂದೂವರೆ, 160 ಇದ್ದದ್ದು 240 ಆಯಿತು. ಬಾಳೆಹಣ್ಣಿನ ಮತ್ತು ಮೊಟ್ಟೆಯ ಸಾಲುಗಳು ಸರಿಯಾಗಿದ್ದವು, ಏಕೆಂದರೆ ಅವುಗಳಲ್ಲಿ ಎಣಿಸುವ ಘಟಕವೂ ತಿನ್ನುವ ಘಟಕವೂ ಒಂದೇ.

ಬ್ರೆಡ್ಡಿನಲ್ಲಿ ತಪ್ಪು ಎದುರು ದಿಕ್ಕಿಗೆ ಹೋಗಿತ್ತು. ಆ ಪೊಟ್ಟಣದ ಮೇಲೆ ಒಂದು ಸರ್ವಿಂಗ್ ಎಂದರೆ ಎರಡು ತುಂಡು, 160 ಕ್ಯಾಲೊರಿ ಎಂದು ಮುದ್ರಿಸಿತ್ತು. ಅವರು ಒಂದು ತುಂಡಿಗೆ 160 ಎಂದುಕೊಂಡು ಮೂರರಿಂದ ಗುಣಿಸಿದ್ದರು. ಮೂರು ತುಂಡು ಎಂದರೆ ಒಂದೂವರೆ ಸರ್ವಿಂಗ್, ಅಂದರೆ 240 ಮಾತ್ರ. ಈ ಒಂದು ಸಾಲು 240 ಕ್ಯಾಲೊರಿಯಷ್ಟು ಹೆಚ್ಚು ತೋರಿಸುತ್ತ, ಉಳಿದ ಸಾಲುಗಳ ಕೊರತೆಯನ್ನು ಮುಚ್ಚಿಹಾಕುತ್ತಿತ್ತು. ಒಟ್ಟು ಮೊತ್ತವನ್ನಷ್ಟೇ ನೋಡಿ ಲೆಕ್ಕ ಸರಿಯಿದೆಯೇ ಎಂದು ತೀರ್ಮಾನಿಸಲು ಹೋದರೆ ಇಂಥ ತಪ್ಪುಗಳು ಸಿಗುವುದೇ ಇಲ್ಲ. ಸಾಲು ಸಾಲಾಗಿ ಗುಣಕವನ್ನೇ ಪ್ರಶ್ನಿಸಬೇಕಾಗುತ್ತದೆ.

ಅನ್ನದ ಸಾಲಿಗೆ ಬಂದಾಗ ಅವರು ತಾವೇ ಮುಂದಾಗಿ ಲೆಕ್ಕ ಮಾಡಿದರು. ತಟ್ಟೆಯಲ್ಲಿದ್ದ ಅನ್ನ 270 ಗ್ರಾಂ, ಅಕ್ಕಿಯ ಪೊಟ್ಟಣದ ಮೇಲೆ ಒಂದು ಸರ್ವಿಂಗ್ 45 ಗ್ರಾಂಗೆ 160 ಕ್ಯಾಲೊರಿ. ಭಾಗಿಸಿದರೆ 6, ಗುಣಿಸಿದರೆ 960. ಪೆನ್ನು ಕೆಳಗಿಟ್ಟು, “ಹಾಗಾದರೆ ನಾನು ಅನ್ನವನ್ನೇ ಬಿಡಬೇಕೇ?” ಎಂದು ಕೇಳಿದರು. ವಿಧಾನವನ್ನು ಅವರು ಸರಿಯಾಗಿಯೇ ಅನುಸರಿಸಿದ್ದರು. ಆದರೆ ಪೊಟ್ಟಣದ 45 ಗ್ರಾಂ ಒಣ ಅಕ್ಕಿಯ ತೂಕ, ತಟ್ಟೆಯ 270 ಗ್ರಾಂ ನೀರು ಹೀರಿಕೊಂಡ ಅನ್ನದ ತೂಕ. ಬೇಯುವಾಗ ಸೇರಿದ ನೀರು ತೂಕವನ್ನು ಹೆಚ್ಚಿಸುತ್ತದೆಯೇ ಹೊರತು ಕ್ಯಾಲೊರಿಯನ್ನಲ್ಲ. ಬೆಂದ ಬಿಳಿ ಅನ್ನಕ್ಕೆ 100 ಗ್ರಾಂಗೆ ಸುಮಾರು 130 ಕ್ಯಾಲೊರಿ ಎಂದು ಹಿಡಿದರೆ ಗುಣಕ 2.7, ಮೊತ್ತ 351. ಪುಸ್ತಕದಲ್ಲಿದ್ದ 160ಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು ನಿಜ, ಆದರೆ 960ರ ಹತ್ತಿರಕ್ಕೂ ಬರುವುದಿಲ್ಲ.

ಇಂಥ ತಪ್ಪನ್ನು ಕೂಡಲೇ ಗುರುತಿಸುವ ಒಂದು ಪರೀಕ್ಷೆಯನ್ನು ಅವರಿಗೆ ಕಲಿಸಿದೆ, ಇದನ್ನು ನಾನು ಬೇರೆಲ್ಲ ಸಲಹೆಗಳಿಗಿಂತ ಮೇಲೆ ಇಡುತ್ತೇನೆ. ಯಾವುದೇ ಸಾಲಿನ ಕ್ಯಾಲೊರಿಯನ್ನು ಆ ಆಹಾರದ ಗ್ರಾಂಗಳಿಂದ ಭಾಗಿಸಿ, ಒಂದು ಗ್ರಾಂಗೆ ಎಷ್ಟು ಬರುತ್ತದೆಂದು ನೋಡಬೇಕು. ಪಿಷ್ಟ, ಸಕ್ಕರೆ ಮತ್ತು ಪ್ರೋಟೀನ್ ಗ್ರಾಂಗೆ ಸುಮಾರು 4, ಕೊಬ್ಬು ಸುಮಾರು 9 ಕ್ಯಾಲೊರಿ ಕೊಡುತ್ತವೆ. ಆದ್ದರಿಂದ ಯಾವ ಆಹಾರವೂ ಗ್ರಾಂಗೆ 9ನ್ನು ಮೀರಲಾರದು, ನೀರು ಹೆಚ್ಚಿರುವ ಆಹಾರ 4ಕ್ಕಿಂತ ಬಹಳ ಕೆಳಗೇ ಇರುತ್ತದೆ. 960ನ್ನು 270ರಿಂದ ಭಾಗಿಸಿದರೆ 3.6 ಬರುತ್ತದೆ. ಅದು ಒಣ ಧಾನ್ಯದ ಅಂಕಿ. ಮೆತ್ತಗೆ ಬೆಂದ ಅನ್ನದಲ್ಲಿ ಅಷ್ಟು ಇರಲು ಸಾಧ್ಯವಿಲ್ಲ. ಒಣದ್ದರ ಅಂಕಿಯನ್ನು ಬೆಂದದ್ದರ ತೂಕಕ್ಕೆ ಹಚ್ಚಿದ್ದೇವೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಪುಟದಲ್ಲಿ ಇಲ್ಲದೇ ಇದ್ದ ಸಾಲೊಂದು ಉಳಿದಿತ್ತು. ಮೊಟ್ಟೆಯನ್ನು ಎಣ್ಣೆಯಲ್ಲಿ ಹುರಿದದ್ದಾಗಿ ಅವರು ಮಾತಿನ ನಡುವೆ ಹೇಳಿದರು, ಆದರೆ ಎಣ್ಣೆಯನ್ನು ಯಾರೂ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲವಾದ್ದರಿಂದ ಅದು ಪುಸ್ತಕಕ್ಕೂ ಬಂದಿರಲಿಲ್ಲ. ಅದೃಷ್ಟವಶಾತ್ ಅಡುಗೆಗೆ ಮುಂಚೆ ಮತ್ತು ನಂತರ ಎಣ್ಣೆಯ ಶೀಸೆಯನ್ನು ತೂಗಿ ಬರೆದಿದ್ದರು. ಇಡೀ ದಿನದ ವ್ಯತ್ಯಾಸ 21 ಗ್ರಾಂ. ಲೇಬಲ್‌ನಂತೆ 14 ಗ್ರಾಂಗೆ 120 ಕ್ಯಾಲೊರಿ, ಗುಣಕ ಒಂದೂವರೆ, ಮೊತ್ತ 180. ಬಾಣಲೆಯಲ್ಲಿ ಸ್ವಲ್ಪ ಉಳಿದಿರಬಹುದೆಂದು ಅವರು ಹೇಳಿದ್ದು ನ್ಯಾಯವೇ, ಆದರೂ ಸೊನ್ನೆ ಎಂದು ಬಿಡುವುದಕ್ಕಿಂತ 180 ಎಂದು ಬರೆಯುವುದು ಸತ್ಯಕ್ಕೆ ಹತ್ತಿರ.

ತಿದ್ದಿದ ಮೇಲೆ ದಿನದ ಮೊತ್ತ 1711 ಬಂತು, ಪುಸ್ತಕದಲ್ಲಿದ್ದುದಕ್ಕಿಂತ 362 ಹೆಚ್ಚು. ಸಲಹಾರ್ಥಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ದಿನ ನಾನು ನನಗೇ ಸುಳ್ಳು ಹೇಳಿಕೊಂಡೆನಲ್ಲ” ಎಂದರು. ಆ ಮಾತನ್ನು ನಾನು ಒಪ್ಪಲಿಲ್ಲ. ಬರೆದದ್ದನ್ನು ಅವರು ಮರೆಮಾಚಿರಲಿಲ್ಲ, ಬ್ರೆಡ್ಡನ್ನಂತೂ ತಮಗೇ ವಿರುದ್ಧವಾಗಿ ಹೆಚ್ಚು ಬರೆದುಕೊಂಡಿದ್ದರು. ತೂಕ ವಾರಗಟ್ಟಲೆ ಒಂದೇ ಕಡೆ ನಿಂತಿದೆಯೆಂದರೆ ಒಟ್ಟಾರೆ ತಿನ್ನುತ್ತಿರುವುದೂ ದೇಹ ಖರ್ಚು ಮಾಡುತ್ತಿರುವುದೂ ಸರಿಸುಮಾರು ಸಮನಾಗಿವೆ ಎಂದರ್ಥ. ಹಾಗಾಗಿ ಪುಸ್ತಕದ ಅಂಕಿಗೂ ತೂಕಕ್ಕೂ ತಾಳೆಯಾಗದಿದ್ದಾಗ ಮೊದಲು ಪರಿಶೀಲಿಸಬೇಕಾದದ್ದು ಪುಸ್ತಕವನ್ನು. ತಿದ್ದಿದ ಲೆಕ್ಕವೂ ತೂಕಕ್ಕೆ ತಾಳೆಯಾಗದೆ ಹೋದರೆ, ಅಥವಾ ದಣಿವಿನಂಥ ಬೇರೆ ಲಕ್ಷಣಗಳಿದ್ದರೆ, ವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ. ರಾತ್ರಿಯ ಊಟ ಬಿಡುವ ಯೋಚನೆಯನ್ನು ಸದ್ಯಕ್ಕೆ ಕೈಬಿಡುವಂತೆ ಕೇಳಿಕೊಂಡೆ, ಏಕೆಂದರೆ ತಪ್ಪು ಮೊತ್ತದ ಮೇಲೆ ಇನ್ನಷ್ಟು ಕಡಿತ ಮಾಡಿದರೆ ಎಷ್ಟು ಕಡಿತ ಮಾಡಿದ್ದೇವೆಂಬುದೇ ತಿಳಿಯದು.

ನಾನು ಕೊಟ್ಟ ಸಲಹೆ ಹೀಗಿತ್ತು. ಪುಸ್ತಕದಲ್ಲಿ ಆಹಾರದ ಹೆಸರಿನ ಪಕ್ಕ ಕ್ಯಾಲೊರಿಯನ್ನು ನೇರವಾಗಿ ಬರೆಯದೆ, ತಿಂದ ಗ್ರಾಂ, ಸರ್ವಿಂಗ್‌ನ ಗ್ರಾಂ ಮತ್ತು ಗುಣಕಕ್ಕೆ ಬೇರೆ ಬೇರೆ ಅಂಕಣ ಇಡಬೇಕು. ಗುಣಕದ ಅಂಕಣದಲ್ಲಿ ಮೇಲಿಂದ ಕೆಳಗೆ ಬರೀ 1 ಕಾಣಿಸಿದರೆ ತೂಗಿಲ್ಲ, ಅಂದಾಜಿಸಿದ್ದೇವೆ ಎಂದು ತಿಳಿಯಬೇಕು. ಒಣದ್ದಕ್ಕೆ ಒಣ ತೂಕ, ಬೆಂದದ್ದಕ್ಕೆ ಬೆಂದ ತೂಕ. ಎಲ್ಲವನ್ನೂ ಎಂದೆಂದಿಗೂ ತೂಗುವ ಅಗತ್ಯವಿಲ್ಲ: ಎಣ್ಣೆ, ಬೀಜ, ಒಣ ಧಾನ್ಯಗಳಲ್ಲಿ ಹತ್ತು ಗ್ರಾಂನ ವ್ಯತ್ಯಾಸವೂ 35ರಿಂದ 90 ಕ್ಯಾಲೊರಿ ಆಗುತ್ತದೆ, ಸೊಪ್ಪು ಸೌತೆಕಾಯಿಗಳಲ್ಲಿ ಐದನ್ನೂ ದಾಟುವುದಿಲ್ಲ. ಒಂದೆರಡು ವಾರ ತೂಗಿ ತಮ್ಮದೇ ಬಟ್ಟಲಿನ, ತಮ್ಮದೇ ಹಿಡಿಯ ಗುಣಕ ತಿಳಿದುಕೊಂಡ ಮೇಲೆ ಯಂತ್ರವನ್ನು ಎತ್ತಿಡಬಹುದು.

ಮೊತ್ತವನ್ನು 1711 ಎಂದಲ್ಲದೆ ಸುಮಾರು 1700 ಎಂದೇ ಬರೆಯಲು ಹೇಳಿದೆ. ಲೇಬಲ್‌ನ 160 ಎಂಬುದೇ ಹತ್ತಿರದ ಹತ್ತಕ್ಕೆ ಹೊಂದಿಸಿದ ಅಂಕಿಯಾಗಿರಬಹುದು, ಆ ಹೊಂದಾಣಿಕೆಯೂ ನಮ್ಮ ಗುಣಕದಿಂದ ಗುಣಿಸಲ್ಪಡುತ್ತದೆ. ಒಂದು ಬಾಳೆಹಣ್ಣು ಇನ್ನೊಂದರಷ್ಟೇ ದೊಡ್ಡದಿರುವುದಿಲ್ಲ. ಐವತ್ತು ಕ್ಯಾಲೊರಿ ಅತ್ತಿತ್ತ ಆದದ್ದಕ್ಕೆ ಒಂದು ದಿನವನ್ನು ಸೋಲು ಎಂದು ಕರೆಯುವ ಅಭ್ಯಾಸ ಅವರಲ್ಲಿ ಆಗಲೇ ಬೇರೂರುತ್ತಿತ್ತು, ಅದನ್ನು ಅಲ್ಲಿಯೇ ತಡೆಯಬೇಕೆಂಬುದು ನನ್ನ ಕಾಳಜಿಯಾಗಿತ್ತು.

ಹೊರಡುವ ಮೊದಲು ಅವರು ಕೇಳಿದ ಕೊನೆಯ ಪ್ರಶ್ನೆ ಹಲವರು ಸೇರಿ ತಿನ್ನುವ ಅಡುಗೆಯನ್ನು ಕುರಿತದ್ದು: ಒಂದು ಪಾತ್ರೆ ಸೂಪ್ ಮಾಡಿದರೆ ನನ್ನ ಪಾಲನ್ನು ಲೆಕ್ಕ ಹಾಕುವುದು ಹೇಗೆ? ಹಾಕಿದ ಪ್ರತಿಯೊಂದು ಪದಾರ್ಥವನ್ನೂ ಮೇಲಿನ ಕ್ರಮದಲ್ಲಿಯೇ ಲೆಕ್ಕ ಹಾಕಿ ಕೂಡಿಸಬೇಕು. ಅದು 900 ಕ್ಯಾಲೊರಿ ಎನ್ನೋಣ. ಬೆಂದ ಮೇಲೆ ಪಾತ್ರೆಯ ತೂಕ ಕಳೆದು ಸೂಪನ್ನು ತೂಗಬೇಕು. ಅದು 1500 ಗ್ರಾಂ ಎನ್ನೋಣ. ನಿಮ್ಮ ಬಟ್ಟಲಿಗೆ 400 ಗ್ರಾಂ ಬಂದರೆ, 400ನ್ನು 1500ರಿಂದ ಭಾಗಿಸಿ 900ರಿಂದ ಗುಣಿಸಿದರೆ 240. ಪಾತ್ರೆಯ ಖಾಲಿ ತೂಕವನ್ನು ಅದರ ತಳದ ಮೇಲೆಯೇ ಬರೆದಿಟ್ಟುಕೊಂಡರೆ ಪ್ರತಿ ಸಲ ಖಾಲಿ ಮಾಡಿ ತೂಗುವ ಕೆಲಸ ತಪ್ಪುತ್ತದೆ ಎಂದು ಹೇಳಿ ಕಳುಹಿಸಿದೆ.